ವಾರಕ್ಕೆ ಮೂರು ಕ್ಲಾಸ್, ತಿಂಗಳಿಗೆ ಎಷ್ಟು?

ಗಂಟೆಗೆ ನಾನೂರು ರೂಪಾಯಿ ಅಂದರೆ ಕೇಳಿದವರ ಹುಬ್ಬು ಮೇಲೇರುತ್ತದೆ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ ಎಂದು ಬಾಯಲ್ಲೇ ಗುಣಿಸಿ, "ಪರವಾಗಿಲ್ಲವಲ್ಲ, ಮನೆ ಬಾಡಿಗೆ ಆರಾಮಾಗಿ ಹೋಗುತ್ತೆ" ಎಂದುಬಿಡುತ್ತಾರೆ. ಆದರೆ ಮನೆಪಾಠದ ಮೇಡಂ ಕೈಗೆ ತಿಂಗಳ ಕೊನೆಗೆ ಬರುವ ಮೊತ್ತವೇ ಬೇರೆ. ಎರಡರ ನಡುವಿನ ಅಂತರ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಒಂದು ತಿಂಗಳ ಲೆಕ್ಕವನ್ನು ಬಿಡಿಸಿ ನೋಡಬೇಕು.

ಲೆಕ್ಕಕ್ಕಾಗಿ ಮೈಸೂರಿನ ಕುವೆಂಪುನಗರದ ಒಬ್ಬ ಮೇಡಂ ಎಂದುಕೊಳ್ಳೋಣ. ಬಿ.ಎಸ್ಸಿ., ಬಿ.ಎಡ್. ಆಗಿದೆ, ಯಾವ ಶಾಲೆಯಲ್ಲೂ ಕೆಲಸಕ್ಕಿಲ್ಲ. (ಶಾಲೆಯಲ್ಲಿ ಪಾಠ ಮಾಡುವವರು ಖಾಸಗಿ ಟ್ಯೂಷನ್ ಮಾಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದು ಓದುಗರಿಗೇ ಗೊತ್ತು.) ಸ್ಕೂಟರಿನಲ್ಲಿ ಮಕ್ಕಳ ಮನೆಗೇ ಹೋಗಿ ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ. ಸೋಮ, ಬುಧ, ಶುಕ್ರ ಮೊದಲು ಒಂದು ಮನೆಯ ಅಣ್ಣ-ತಂಗಿಗೆ, ಆಮೇಲೆ ಎಸ್ಸೆಸ್ಸೆಲ್ಸಿಯ ಒಬ್ಬ ಹುಡುಗನಿಗೆ. ಮಂಗಳ, ಗುರು, ಶನಿ ಎಸ್ಸೆಸ್ಸೆಲ್ಸಿಯ ಹುಡುಗಿಗೆ, ಬಳಿಕ ಎಂಟನೇ ಕ್ಲಾಸಿನ ಇನ್ನೊಬ್ಬಳಿಗೆ. ಒಂದು ಗಂಟೆಯ ಕ್ಲಾಸಿಗೆ 400 ರೂಪಾಯಿ. ಅಣ್ಣ ಒಂಬತ್ತನೇ ಕ್ಲಾಸು, ತಂಗಿ ಆರನೇ ಕ್ಲಾಸು. ಇಬ್ಬರೂ ಒಂದೇ ಗಂಟೆಯಲ್ಲಿ ಒಟ್ಟಿಗೆ ಕೂರುವುದರಿಂದ ತಂಗಿಗೆ ನೂರು ಬಿಟ್ಟು 300.

ತಿಂಗಳು 2025ರ ಆಗಸ್ಟ್ ಆಗಿರಲಿ. ಸೋಮ-ಬುಧ-ಶುಕ್ರ ಸೇರಿ ಆ ತಿಂಗಳು ಹದಿಮೂರು ದಿನ, ಮಂಗಳ-ಗುರು-ಶನಿಯೂ ಹದಿಮೂರು. ಒಂದು ಕ್ಲಾಸೂ ತಪ್ಪದಿದ್ದರೆ ಅಣ್ಣ-ತಂಗಿಯಿಂದ 9,100, ಉಳಿದ ಮೂವರಿಂದ ತಲಾ 5,200. ಒಟ್ಟು 24,700 ರೂಪಾಯಿ. ಹುಬ್ಬೇರಿಸಿದವರ ಲೆಕ್ಕ ಇದೇ.

ಮೊದಲ ಕತ್ತರಿ ಪಂಚಾಂಗದ್ದು. ಆ ತಿಂಗಳ 8ರ ಶುಕ್ರವಾರ ವರಮಹಾಲಕ್ಷ್ಮಿ, 15ರ ಶುಕ್ರವಾರ ಸ್ವಾತಂತ್ರ್ಯ ದಿನ, 27ರ ಬುಧವಾರ ಗಣೇಶ ಚೌತಿ. ಮೂರೂ ಒಂದೇ ಸರದಿಯ ಮೇಲೆ ಬಿದ್ದವು! ಒಂದು ದಿನ ಹೋದರೆ 1,100, ಮೂರು ದಿನಕ್ಕೆ 3,300 ಖೋತಾ. ಮಂಗಳ-ಗುರು-ಶನಿಯ ಸರದಿಗೆ ಬಹುತೇಕ ಏನೂ ತಾಗಲಿಲ್ಲ. ಎರಡೂ ಕಡೆ "ವಾರಕ್ಕೆ ಮೂರು ಕ್ಲಾಸ್" ಎಂದೇ ಮಾತಾಗಿದ್ದರೂ ಒಂದು ಕಡೆ ಹತ್ತು ಉಳಿದವು, ಇನ್ನೊಂದು ಕಡೆ ಹದಿಮೂರು. ಜೂನ್‌ನಲ್ಲಿ ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ತೆರೆದು ನೋಡುವ ಮೇಡಂಗಳು ಕಡಿಮೆ.

ಎರಡನೆಯದು ರದ್ದಾದ ಕ್ಲಾಸುಗಳದ್ದು. ಎಸ್ಸೆಸ್ಸೆಲ್ಸಿ ಹುಡುಗನಿಗೆ ಜ್ವರ ಬಂದು ಎರಡು ಕ್ಲಾಸ್ ಹೋಯಿತು. ಎಂಟನೇ ಕ್ಲಾಸಿನವಳಿಗೆ ಶಾಲೆಯಲ್ಲಿ ಕಿರುಪರೀಕ್ಷೆ, "ಅವಳೇ ಓದ್ಕೊಳ್ಳಲಿ ಮಿಸ್" ಎಂದು ಎರಡು ಕ್ಲಾಸ್ ಬಿಡಿಸಿದರು. ಇನ್ನೊಬ್ಬ ಹುಡುಗಿಯ ಮನೆಯಿಂದ ಒಂದು ಸಂಜೆ ಮೇಡಂ ಸ್ಕೂಟರ್ ಹೊರತೆಗೆಯುವ ಹೊತ್ತಿಗೆ ಫೋನ್: "ನೆಂಟರು ಬಂದ್ಬಿಟ್ಟಿದ್ದಾರೆ, ಇವತ್ತು ಬೇಡ ಮಿಸ್." ಅಣ್ಣ-ತಂಗಿಯ ಮನೆಯವರು ಒಂದು ದಿನ ಮದುವೆಗೆ ಹೋದರು. ಇನ್ನೆರಡು ದಿನ ಅಣ್ಣನಿಗೆ ಶಾಲೆಯಲ್ಲಿ ಕ್ರೀಡಾಕೂಟದ ಅಭ್ಯಾಸ, ತಂಗಿ ಒಬ್ಬಳೇ ಕೂತಳು. ಮೇಡಂಗೂ ಒಂದು ಶನಿವಾರ ಮೈ ಸರಿಯಿರಲಿಲ್ಲ, ಅದನ್ನು ಭಾನುವಾರ ತುಂಬಿಕೊಟ್ಟರು. ಇವುಗಳಿಂದ ಹೋದದ್ದು 3,500.

ಕೈಗೆ ಬಂದದ್ದು 17,900. ಪೆಟ್ರೋಲು, ಪ್ರಶ್ನೆಪತ್ರಿಕೆಯ ಜೆರಾಕ್ಸು ಎಲ್ಲ ಅದರಲ್ಲೇ ಆಗಬೇಕು. ಪಾಠ ಮಾಡಿದ್ದು ನಲವತ್ತು ಗಂಟೆ, ಆದರೆ ಬೇರೆ ಯಾರಿಗೂ ಕೊಡದೆ ಕಾದಿರಿಸಿದ್ದು ಐವತ್ತೆರಡು ಗಂಟೆ. ಕಾದಿರಿಸಿದ ಗಂಟೆಗೆ ಭಾಗಿಸಿದರೆ 344 ರೂಪಾಯಿ ಬೀಳುತ್ತದೆ. ನನ್ನ ಮಟ್ಟಿಗೆ ಮನೆಪಾಠದ ನಿಜವಾದ ದರ ಅದು, ಮೊದಲ ದಿನ ಬಾಯಲ್ಲಿ ಹೇಳಿದ ನಾನೂರಲ್ಲ.

ಇನ್ನು ಅಣ್ಣ-ತಂಗಿಯ ರಿಯಾಯಿತಿ. ಹೊಸಬರು ಇದನ್ನು ದಾಕ್ಷಿಣ್ಯಕ್ಕೆ ಕೊಡುತ್ತಾರೆ, ಅದಕ್ಕೇ ಎಡವುತ್ತಾರೆ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತರೆ ರಿಯಾಯಿತಿ ನ್ಯಾಯವೇ. ಅಣ್ಣನಿಗೆ ಬಹುಪದೋಕ್ತಿಯ ಲೆಕ್ಕ ಕೊಟ್ಟು, ಅವನು ಬಿಡಿಸುವಷ್ಟರಲ್ಲಿ ತಂಗಿಗೆ ಭಿನ್ನರಾಶಿ ಹೇಳುತ್ತಾರೆ. ಒಬ್ಬೊಬ್ಬರಿಗೂ ಸಿಗುವುದು ಮೇಡಂನ ಅರ್ಧ ಗಮನ. ಮೇಡಂಗೂ ನಷ್ಟವಿಲ್ಲ, ಆ ಒಂದು ಗಂಟೆಗೆ 700 ಬರುತ್ತದೆ. ಆಗಸ್ಟಿನಲ್ಲಿ ಅಷ್ಟೆಲ್ಲ ತಪ್ಪಿದ ಮೇಲೂ ಆ ಮನೆಯ ಒಂಬತ್ತು ಗಂಟೆಗೆ 5,500 ಬಂತು. ಬೇರಾವ ಮನೆಯ ಗಂಟೆಯೂ ಇಷ್ಟು ತರಲಿಲ್ಲ. ಆದರೆ ಮಕ್ಕಳು ಒಬ್ಬರಾದ ಮೇಲೆ ಒಬ್ಬರಂತೆ ಬೇರೆ ಬೇರೆ ಗಂಟೆಗೆ ಕೂರುವುದಾದರೆ ಕಥೆ ಬೇರೆ. ಎರಡನೇ ಗಂಟೆಯೂ ಪೂರ್ತಿ ದುಡಿಮೆಯೇ, ಉಳಿಯುವುದು ಇನ್ನೊಂದು ಮನೆಗೆ ಹೋಗುವ ಹತ್ತು-ಹದಿನೈದು ನಿಮಿಷ ಮಾತ್ರ. ಅದಕ್ಕೆ ನೂರು ಬಿಡುವುದು ಜಾಸ್ತಿಯಾಯಿತು. ಮೂವತ್ತು, ನಲವತ್ತು ಸಾಕು.

ಈ ವ್ಯವಸ್ಥೆಯ ತೊಡಕು ಇನ್ನೊಂದಿದೆ. ಮನೆ ಒಂದೇ ಆದ್ದರಿಂದ ಮದುವೆ, ಜಾತ್ರೆ, ಜ್ವರ ಯಾವುದು ಬಂದರೂ ಎರಡು ಫೀಸೂ ಒಟ್ಟಿಗೆ ಹೋಗುತ್ತದೆ. ಅಣ್ಣ ಮಾತ್ರ ಬಾರದ ದಿನವಂತೂ ಮೇಡಂ ಪೂರ್ತಿ ಗಂಟೆ ತಂಗಿಯೊಬ್ಬಳಿಗೇ ಹೇಳಿಕೊಟ್ಟು, ಒಟ್ಟಿಗೆ ಕೂರುವುದಕ್ಕೆಂದು ಇಳಿಸಿದ 300 ರೂಪಾಯಿಯನ್ನೇ ಪಡೆಯುತ್ತಾರೆ. ಅಲ್ಲಿ ಬಾರದವನ ಫೀಸೂ ಇಲ್ಲ, ಬಂದವಳ ಪೂರ್ತಿ ಫೀಸೂ ಇಲ್ಲ.

ಶುರುವಿನಲ್ಲೇ ಮೂರು ಮಾತು ಆಗಿದ್ದರೆ ಆಗಸ್ಟ್ ಎಷ್ಟು ಬದಲಾಗುತ್ತಿತ್ತು? ಎರಡು ದಿನ ಮುಂಚೆ ತಿಳಿಸಿದರೆ ಭಾನುವಾರ ಬದಲಿ ಕ್ಲಾಸ್ ಎಂಬುದು ಒಂದು. ಮದುವೆಯ 700, ಕಿರುಪರೀಕ್ಷೆಯ ಒಂದು ಕ್ಲಾಸಿನ 400 ವಾಪಸ್ ಬರುತ್ತದೆ (ಎರಡಕ್ಕೂ ಭಾನುವಾರ ಸಿಗುವುದಿಲ್ಲ, ಮೇಡಂಗೂ ಮನೆಯಿದೆ). ಕಾಯಿಲೆ ಬಿಟ್ಟು ಬೇರೆ ಕಾರಣಕ್ಕೆ ಅದೇ ದಿನ ಬೇಡವೆಂದರೆ ಅರ್ಧ ಫೀಸ್ ಎಂಬುದು ಇನ್ನೊಂದು, ನೆಂಟರ ಲೆಕ್ಕದಲ್ಲಿ 200. ರಿಯಾಯಿತಿ ಇಬ್ಬರೂ ಕೂತ ದಿನಕ್ಕೆ ಮಾತ್ರ, ಒಬ್ಬರೇ ಕೂತರೆ ಯಾರಾದರೂ 400 ಎಂಬುದು ಮೂರನೆಯದು, ಅದರಿಂದ 200. ಒಟ್ಟು 1,500 ಸೇರಿ ತಿಂಗಳ ಗಳಿಕೆ 19,400 ಆಗುತ್ತಿತ್ತು. ಜ್ವರದ ಎರಡು ಕ್ಲಾಸಿಗೆ ದುಡ್ಡು ಕೇಳಲು ಯಾರಿಗೂ ಮನಸ್ಸು ಬಾರದು, ಕೇಳಲೂಬಾರದು. ಹಬ್ಬದ 3,300 ರೂಪಾಯಿಯಂತೂ ಯಾವ ನಿಯಮಕ್ಕೂ ದಕ್ಕುವುದಿಲ್ಲ. ಅದು ಬೇಕೆಂದರೆ ಕ್ಲಾಸಿನ ಲೆಕ್ಕ ಬಿಟ್ಟು ತಿಂಗಳ ಫೀಸ್ ಹಿಡಿಯಬೇಕು. ಆಗ ಹದಿಮೂರು ಕ್ಲಾಸ್ ತೆಗೆದುಕೊಂಡ ತಿಂಗಳೂ ಅಷ್ಟೇ ಹಣ.

ಇದೆಲ್ಲ ನಿಲ್ಲುವುದು ಒಂದು ಪುಸ್ತಕದ ಮೇಲೆ. ಮನೆಗೊಂದು ಪುಟ, ದಿನಕ್ಕೊಂದು ಸಾಲು: ಆದರೆ ಟಿಕ್, ಅವರು ಬೇಡವೆಂದರೆ "ರ", ತಾವೇ ಹೋಗದಿದ್ದರೆ "ನಾ", ಬದಲಿಗೆ "ಬ", ಪಕ್ಕದಲ್ಲಿ ಯಾವಾಗ ತಿಳಿಸಿದರೆಂದು ಎರಡು ಪದ. ಅಣ್ಣ-ತಂಗಿಯ ಪುಟದಲ್ಲಿ ಎರಡು ಕಾಲಂ ಬೇಕೇ ಬೇಕು. ಒಂದೇ ಟಿಕ್ ಹಾಕಿದ ಪುಟದಲ್ಲಿ ಅಣ್ಣ ಬಾರದ ದಿನ ಗುರುತು ಸಿಗುವುದಿಲ್ಲ, ತಿಂಗಳ ಕೊನೆಗೆ ಮೇಡಂ "ಒಂಬತ್ತು ಕ್ಲಾಸ್" ಎನ್ನುತ್ತಾರೆ, ಅಮ್ಮ "ಏಳೇ ಅಲ್ವಾ ಮಿಸ್ ಇಬ್ರೂ ಕೂತಿದ್ದು?" ಎನ್ನುತ್ತಾರೆ. ಪ್ರತಿ ಶನಿವಾರ ಆ ಪುಟದ ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ತಗಾದೆ ಅಲ್ಲಲ್ಲೇ ಬಗೆಹರಿಯುತ್ತದೆ.

ಜೂನ್‌ನಲ್ಲೇ ಆಗಬೇಕಾದ ಇನ್ನೊಂದು ಮಾತಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಕೋಚಿಂಗಿಗೆ ಹೊರಟ ವರ್ಷ ತಂಗಿ ಒಬ್ಬಳೇ ಉಳಿಯುತ್ತಾಳೆ. ಅವಳ ಫೀಸ್ 400 ಎಂದರೆ "ಹೋದ ವರ್ಷ ಮುನ್ನೂರೇ ಇತ್ತಲ್ಲ ಮಿಸ್, ಒಂದೇ ಸಲ ನೂರು ಏರಿಸಿದ್ರಾ?" ಎಂಬ ಪ್ರಶ್ನೆ ಬರುತ್ತದೆ. ಮೊದಲ ದಿನವೇ "ಇಬ್ಬರಿಗೂ ಫೀಸ್ ನಾನೂರೇ, ಒಟ್ಟಿಗೆ ಕೂರುವವರೆಗೆ ನೂರು ಬಿಡುತ್ತೇನೆ" ಎಂದು ಹೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟ ಮೇಡಂ ಆ ಪುಟ ತೆರೆದು ತೋರಿಸಬಹುದು.