ಎಲ್‌ಇಡಿ ಗೋಡೆಯ ಮೇಲೆ ಚಿತ್ರ ಹಿಗ್ಗುವುದೇಕೆ?

ತಾಲ್ಲೂಕು ಕ್ರೀಡಾಂಗಣದಲ್ಲಿ ಸ್ವಾತಂತ್ರ್ಯ ದಿನದ ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ ಎಂದುಕೊಳ್ಳೋಣ. ಮೊದಲು ಫ್ಲೆಕ್ಸ್ ಬ್ಯಾನರ್ ಕಟ್ಟುತ್ತಿದ್ದ ಜಾಗದಲ್ಲಿ, ವೇದಿಕೆಯ ಹಿಂದೆ, ಬಾಡಿಗೆಗೆ ತಂದ ಎಲ್‌ಇಡಿ ಗೋಡೆ ನಿಂತಿದೆ. ನಾಡಗೀತೆ ಮುಗಿದು ಪರದೆಯ ಮೇಲೆ ರಾಷ್ಟ್ರಧ್ವಜ ಮೂಡುತ್ತದೆ. ಬಣ್ಣ ಚೆನ್ನಾಗಿದೆ, ಬೆಳಕೂ ಚೆನ್ನಾಗಿದೆ, ಆದರೆ ನಡುವಿನ ಅಶೋಕ ಚಕ್ರ ಮಾತ್ರ ದುಂಡಗಿಲ್ಲ. ಅಡ್ಡಡ್ಡಲಾಗಿ ಎಳೆದು ಬಿಟ್ಟಂತೆ ಅಂಡಾಕಾರವಾಗಿದೆ. ಆಮೇಲೆ ಬರುವ ಸ್ವಾತಂತ್ರ್ಯ ಹೋರಾಟಗಾರರ ಮುಖಗಳೂ ಅಗಲ, ಹಾಡುವ ಮಕ್ಕಳೂ ಕುಳ್ಳ.

ಪರದೆ ಕೆಟ್ಟಿಲ್ಲ, ವಿಡಿಯೊ ಕೂಡ ಕೆಟ್ಟಿಲ್ಲ. ವಿಡಿಯೊ ಮಾಡಿದವರ ಲೆಕ್ಕವೂ ಗೋಡೆ ಕಟ್ಟಿದವರ ಲೆಕ್ಕವೂ ಬೇರೆಬೇರೆ ಆಗಿದೆ, ಅಷ್ಟೆ.

ಟಿವಿಗೂ ಎಲ್‌ಇಡಿ ಗೋಡೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಇದೆ. ಟಿವಿಯ ಆಕಾರವನ್ನು ಕಾರ್ಖಾನೆ ತೀರ್ಮಾನಿಸುತ್ತದೆ. ಇಂದಿನ ಟಿವಿಗಳು ಹೆಚ್ಚುಕಡಿಮೆ ಎಲ್ಲವೂ 16 ಪಾಲು ಅಗಲ, 9 ಪಾಲು ಎತ್ತರ. ಮೊಬೈಲ್ ಅಡ್ಡ ಹಿಡಿದು ತೆಗೆದ ವಿಡಿಯೊ, ಕ್ಯಾಮೆರಾ, ಲ್ಯಾಪ್‌ಟಾಪಿನ ಔಟ್‌ಪುಟ್ ಎಲ್ಲವೂ ಸಾಮಾನ್ಯವಾಗಿ ಅದೇ ಅಳತೆಯಲ್ಲಿ ಇರುತ್ತವೆ. ಎಲ್‌ಇಡಿ ಗೋಡೆಗೆ ಅಂಥ ಹುಟ್ಟು ಅಳತೆ ಇಲ್ಲ. ಅರ್ಧ ಮೀಟರ್ ಚೌಕದ ಪ್ಯಾನೆಲ್‌ಗಳನ್ನು ಟ್ರಸ್‌ಗೆ ತೂಗುಹಾಕಿ, ವೇದಿಕೆ ಎಷ್ಟಿದೆಯೋ ಅಷ್ಟಗಲಕ್ಕೆ ಜೋಡಿಸುತ್ತಾರೆ. ನಿನ್ನೆ ಮದುವೆ ಮಂಟಪದಲ್ಲಿ ಒಂದು ಆಕಾರ, ಇಂದು ಕ್ರೀಡಾಂಗಣದಲ್ಲಿ ಇನ್ನೊಂದು.

ಬಾಡಿಗೆ ಗೋಡೆಗಳಲ್ಲಿ ಹೆಚ್ಚಾಗಿ ಕಾಣುವ ಪಿ 3.9 ಪ್ಯಾನೆಲ್ಲನ್ನೇ ತೆಗೆದುಕೊಳ್ಳೋಣ. ಒಂದು ಪಿಕ್ಸೆಲ್‌ನಿಂದ ಪಕ್ಕದ ಪಿಕ್ಸೆಲ್‌ಗೆ ಸುಮಾರು 3.9 ಮಿಲಿಮೀಟರ್ ದೂರ ಎಂಬುದು ಈ ಹೆಸರಿನ ಅರ್ಥ. ಅರ್ಧ ಮೀಟರ್ ಚೌಕದೊಳಗೆ ಅಡ್ಡಕ್ಕೆ 128, ಉದ್ದಕ್ಕೆ 128 ಪಿಕ್ಸೆಲ್‌ಗಳು ಕೂರುತ್ತವೆ. ಕ್ರೀಡಾಂಗಣದ ಗೋಡೆಯಲ್ಲಿ ಅಡ್ಡಸಾಲಿಗೆ 16 ಪ್ಯಾನೆಲ್‌ಗಳಿದ್ದು, ಅಂಥ 6 ಸಾಲುಗಳಿದ್ದರೆ ಗೋಡೆ 8 ಮೀಟರ್ ಅಗಲ, 3 ಮೀಟರ್ ಎತ್ತರ. ಪಿಕ್ಸೆಲ್ ಲೆಕ್ಕದಲ್ಲಿ ಅಗಲ 2048, ಎತ್ತರ 768.

ಲ್ಯಾಪ್‌ಟಾಪಿನಿಂದ ಬರುವ ಚಿತ್ರ 1920 ಅಗಲ, 1080 ಎತ್ತರ. ಅದು ಮೊದಲು ವಿಡಿಯೊ ಪ್ರೊಸೆಸರ್ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಗೋಡೆಯ ಅಳತೆಗೆ ಬದಲಾಗಿ, ಲ್ಯಾನ್ ಕೇಬಲ್‌ಗಳ ಮೂಲಕ ಪ್ರತಿ ಪ್ಯಾನೆಲ್‌ನ ಬೆನ್ನಿಗಿರುವ ರಿಸೀವಿಂಗ್ ಕಾರ್ಡನ್ನು ತಲುಪುತ್ತದೆ. ಬೇರೆ ಏನೂ ಹೇಳದಿದ್ದರೆ ಪ್ರೊಸೆಸರ್ ಬಂದ ಚಿತ್ರವನ್ನು ಗೋಡೆಯ ನಾಲ್ಕೂ ಅಂಚಿಗೆ ಮುಟ್ಟುವಂತೆ ತುಂಬಿಸುತ್ತದೆ. ಆಗ 1920 ಇದ್ದ ಅಗಲ 2048ಕ್ಕೆ ತುಸು ಹಿಗ್ಗುತ್ತದೆ, 1080 ಇದ್ದ ಎತ್ತರ 768ಕ್ಕೆ ಕುಗ್ಗುತ್ತದೆ. ಎರಡೂ ಸೇರಿ ಪ್ರತಿ ವಸ್ತುವೂ ತನ್ನ ಎತ್ತರಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು ಅಗಲವಾಗುತ್ತದೆ. ರಾಷ್ಟ್ರಧ್ವಜದ ಉದ್ದ ಮತ್ತು ಎತ್ತರ 3:2 ಪ್ರಮಾಣದಲ್ಲಿರಬೇಕೆಂಬುದು ಧ್ವಜಸಂಹಿತೆಯ ನಿಯಮ. ಈ ಗೋಡೆಯ ಮೇಲೆ ಎರಡು ಅಡಿ ಎತ್ತರಕ್ಕೆ ಮೂರು ಅಡಿ ಇರಬೇಕಾದ ಧ್ವಜ ನಾಲ್ಕೂವರೆ ಅಡಿ ಉದ್ದವಾಗಿ ನಿಲ್ಲುತ್ತದೆ.

ಇದಕ್ಕೆ ದಾರಿ ಮೂರು. ಮೊದಲನೆಯದು, ಎತ್ತರವನ್ನು ಪೂರ್ತಿ ಉಳಿಸಿಕೊಂಡು ಅಗಲವನ್ನು ಅದಕ್ಕೆ ತಕ್ಕಂತೆ ಬಿಡುವುದು. ಚಿತ್ರ 1365 ಪಿಕ್ಸೆಲ್ ಅಗಲಕ್ಕೆ ನಿಲ್ಲುತ್ತದೆ, ಎಡಕ್ಕೂ ಬಲಕ್ಕೂ ಎರಡೂವರೆ ಪ್ಯಾನೆಲ್‌ಗಿಂತ ತುಸು ಹೆಚ್ಚು ಜಾಗ ಕಪ್ಪಾಗಿ ಉಳಿಯುತ್ತದೆ. ಎರಡನೆಯದು, ಅಗಲವನ್ನು ಪೂರ್ತಿ ತುಂಬಿಸಿ ಮೇಲೆ ಕೆಳಗೆ ಕತ್ತರಿಸುವುದು. ಚಿತ್ರದ ಮೂರನೇ ಒಂದು ಭಾಗ ಹೋಗುತ್ತದೆ. ಅಧ್ಯಕ್ಷರ ಹೆಸರು ಕೆಳಗಿನ ಪಟ್ಟಿಯಲ್ಲಿದ್ದರೆ ಅದೂ ಹೋಯಿತು. ಮೂರನೆಯದೇ ಸರಿಯಾದ ದಾರಿ: ಗೋಡೆಯ ಆಕಾರಕ್ಕೆ ತಕ್ಕಂತೆ ಮೊದಲೇ ಚಿತ್ರ ಮಾಡಿಸುವುದು.

ಮೂರನೆಯ ದಾರಿ ಹಿಡಿಯಲು ಕಷ್ಟಪಡಬೇಕಿಲ್ಲ. 2048ಕ್ಕೆ 768 ಎಂದರೆ 8:3 ಪ್ರಮಾಣ. 1920ಕ್ಕೆ 720 ಎಂದರೂ ಅದೇ ಪ್ರಮಾಣ. ಆದ್ದರಿಂದ ವಿಡಿಯೊವನ್ನು 1920×720 ಅಳತೆಗೆ ಮಾಡಬಹುದು. ಪವರ್‌ಪಾಯಿಂಟ್‌ನಲ್ಲಾದರೆ Design ಪಟ್ಟಿಯ Slide Size ಒಳಗೆ Custom Slide Size ಆರಿಸಿ, ಅಗಲ 20 ಇಂಚು, ಎತ್ತರ 7.5 ಇಂಚು ಎಂದು ಕೊಟ್ಟರೆ ಸ್ಲೈಡು ಗೋಡೆಯ ಆಕಾರಕ್ಕೇ ಬರುತ್ತದೆ. ಲ್ಯಾಪ್‌ಟಾಪ್ ಇದನ್ನು ಪೂರ್ಣ ಪರದೆಯಲ್ಲಿ ತೋರಿಸುವಾಗ ಮೇಲೆ 180, ಕೆಳಗೆ 180 ಪಿಕ್ಸೆಲ್‌ನ ಕಪ್ಪು ಪಟ್ಟಿ ಸೇರಿಸುತ್ತದೆ. ಆ ಪಟ್ಟಿಗಳನ್ನು ಬಿಟ್ಟು ನಡುವಿನ 720 ಸಾಲುಗಳನ್ನಷ್ಟೇ ತೆಗೆದುಕೊಳ್ಳುವಂತೆ ಪ್ರೊಸೆಸರ್‌ನಲ್ಲಿ ಕ್ರಾಪ್ ಇಟ್ಟರೆ ಚಕ್ರ ದುಂಡಗಾಗುತ್ತದೆ. ಸಣ್ಣ ಅಕ್ಷರಗಳು ಇನ್ನೂ ಸ್ಪಷ್ಟವಾಗಿ ಬೇಕಿದ್ದರೆ ಪ್ರೊಸೆಸರ್‌ನ ಇನ್‌ಪುಟ್‌ಗೆ 2048×768 ಎಂಬ ಅಳತೆಯನ್ನೇ ಸೇರಿಸಿ, ಲ್ಯಾಪ್‌ಟಾಪ್ ಅದೇ ಅಳತೆಯಲ್ಲಿ ಚಿತ್ರ ಕಳಿಸುವಂತೆ ಮಾಡಬಹುದು. ಆಗ ಹಿಗ್ಗಿಸುವ ಕೆಲಸವೇ ಇರುವುದಿಲ್ಲ.

ಈ ಕ್ರಾಪ್ ಮರೆತರೆ ಒಂದು ವಿಚಿತ್ರ ಲಕ್ಷಣ ಕಾಣುತ್ತದೆ. 180 ಸಾಲುಗಳ ಕಪ್ಪು ಪಟ್ಟಿ ಗೋಡೆಯ ಮೇಲೆ ಕುಗ್ಗಿ ಸರಿಯಾಗಿ 128 ಪಿಕ್ಸೆಲ್ ಆಗುತ್ತದೆ, ಅಂದರೆ ನಿಖರವಾಗಿ ಒಂದು ಪ್ಯಾನೆಲ್‌ನ ಎತ್ತರ. ಮೇಲಿನ ಒಂದು ಸಾಲು, ಕೆಳಗಿನ ಒಂದು ಸಾಲು ಪ್ಯಾನೆಲ್‌ಗಳು ಪೂರ್ತಿ ಆರಿಹೋದಂತೆ ಕಾಣುತ್ತವೆ. ಕರೆಂಟ್ ಹೋಗಿದೆಯೇನೋ ಎಂದು ಏಣಿ ಹತ್ತಿ ವೈರು ಹುಡುಕುವ ಮೊದಲು ನಡುವಿನ ಚಿತ್ರ ನೋಡಬೇಕು. ಅಲ್ಲಿ ಚಕ್ರ ಇನ್ನೂ ಅಂಡಾಕಾರವಾಗಿದ್ದರೆ ಪ್ಯಾನೆಲ್‌ಗಳು ಜೀವಂತವಾಗಿವೆ, ಕ್ರಾಪ್ ಮಾತ್ರ ಬಾಕಿ ಇದೆ.

ಚಿತ್ರ ಹಿಗ್ಗುವುದು ಒಂದು ಬಗೆ. ಜಾಗ ತಪ್ಪುವುದು ಇನ್ನೊಂದು ಬಗೆ, ಅದರ ಮೂಲವೂ ಬೇರೆ. ಇಡೀ ಚಿತ್ರದ ಯಾವ ತುಂಡನ್ನು ತಾನು ತೋರಿಸಬೇಕು ಎಂಬುದು ಪ್ರತಿ ಪ್ಯಾನೆಲ್‌ಗೂ ಗೊತ್ತಿರಬೇಕು. ಅಂಚೆಯವನಿಗೆ ಮನೆ ನಂಬರು ಬೇಕಾದಂತೆ, ಪ್ರತಿ ರಿಸೀವಿಂಗ್ ಕಾರ್ಡಿಗೂ ಒಂದು ವಿಳಾಸ ಬೇಕು. ಆ ವಿಳಾಸ ಬರೆಯುವ ಕೆಲಸವನ್ನು ಮ್ಯಾಪಿಂಗ್ ಎನ್ನುತ್ತಾರೆ. ನೋವಾಸ್ಟಾರ್ ಉಪಕರಣಗಳಾದರೆ ಲ್ಯಾಪ್‌ಟಾಪಿನ NovaLCT ತಂತ್ರಾಂಶದಲ್ಲಿ ಪ್ಯಾನೆಲ್‌ಗಳ ಚೌಕಗಳನ್ನು ಬಿಡಿಸಿ, ಕೇಬಲ್ ಯಾವ ಪ್ಯಾನೆಲ್‌ನಿಂದ ಯಾವುದಕ್ಕೆ ಹೋಗಿದೆ ಎಂದು ಗೆರೆ ಎಳೆದು ತೋರಿಸುತ್ತಾರೆ.

ಒಂದು ಲ್ಯಾನ್ ಕೇಬಲ್ ಸಾಮಾನ್ಯವಾಗಿ ಸುಮಾರು 6 ಲಕ್ಷ 50 ಸಾವಿರ ಪಿಕ್ಸೆಲ್‌ಗಳನ್ನು ಹೊರಬಲ್ಲದು. ನಮ್ಮ ಗೋಡೆಯಲ್ಲಿ 15 ಲಕ್ಷ 72 ಸಾವಿರಕ್ಕೂ ಹೆಚ್ಚು ಪಿಕ್ಸೆಲ್‌ಗಳಿರುವುದರಿಂದ ಮೂರು ಕೇಬಲ್ ಬೇಕು, ಒಂದೊಂದಕ್ಕೆ ಎರಡು ಸಾಲು. ಕೇಬಲ್ ಮೊದಲ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋಗಿ, ಕೆಳಗಿನ ಸಾಲಿನಲ್ಲಿ ಬಲದಿಂದ ಎಡಕ್ಕೆ ಹಾವಿನಂತೆ ಹೊರಳಿ ಬರುತ್ತದೆ. ತಂತ್ರಾಂಶದಲ್ಲಿ ಎರಡೂ ಸಾಲಿಗೆ ಎಡದಿಂದ ಬಲಕ್ಕೆ ಎಂದೇ ಗೆರೆ ಎಳೆದರೆ, ಎರಡನೇ ಸಾಲಿನ ತುಂಡುಗಳು ಮಾತ್ರ ಹಿಂದುಮುಂದಾಗುತ್ತವೆ. ಪ್ರತಿ ಪ್ಯಾನೆಲ್‌ನೊಳಗಿನ ತುಂಡು ನೆಟ್ಟಗೇ ಇರುತ್ತದೆ, ಕೂತ ಜಾಗ ಮಾತ್ರ ತಪ್ಪು. ಹಣೆ ಸರಿ, ಕಣ್ಣು ಗೋಡೆಯ ಆ ತುದಿಯಲ್ಲಿ. ಕೇಬಲ್ ಹಾಕುವವರು ಗೋಡೆಯ ಹಿಂದೆ ನಿಂತಿರುತ್ತಾರೆ, ತಂತ್ರಾಂಶದ ನಕ್ಷೆಯನ್ನು ಮುಂದಿನಿಂದ ನೋಡಿದಂತೆ ಬಿಡಿಸಿದರೆ ಅವರ ಎಡವೇ ಪ್ರೇಕ್ಷಕರ ಬಲ. ಈ ಗೊಂದಲ ಹುಟ್ಟುವುದು ಅಲ್ಲಿಯೇ.

ಹಳೆಯ ಸೆಟ್ಟಿಂಗ್ ಕೂಡ ಚಿತ್ರದ ಜಾಗ ತಪ್ಪಿಸುತ್ತದೆ. ನಿನ್ನೆಯ ಮದುವೆಯಲ್ಲಿ ಗೋಡೆ 12 ಪ್ಯಾನೆಲ್ ಅಗಲವಿದ್ದು, ಪ್ರೊಸೆಸರ್‌ನಲ್ಲಿ 1536 ಪಿಕ್ಸೆಲ್ ಅಗಲದ ಕಿಟಕಿಯೇ ಉಳಿದಿದ್ದರೆ ಇಂದಿನ ಚಿತ್ರ ಎಡಕ್ಕೆ ಮುದುರಿ, ಬಲಗಡೆಯ ನಾಲ್ಕು ಕಂಬಸಾಲು ಕಪ್ಪಾಗಿರುತ್ತದೆ.

ಪ್ಯಾನೆಲ್ ಸಾಲದೆ ಬೇರೆಯವರಿಂದ ಪಿ 2.9 ತಂದು ಪಕ್ಕಕ್ಕೆ ಜೋಡಿಸಿದರೆ ಸಮಸ್ಯೆ ಇನ್ನೂ ಸೂಕ್ಷ್ಮ. ಹೊರ ಅಳತೆ ಅದೇ ಅರ್ಧ ಮೀಟರ್, ಆದರೆ ಒಳಗೆ ಸಾಲಿಗೆ 168 ಪಿಕ್ಸೆಲ್. ಪಕ್ಕದ ಪ್ಯಾನೆಲ್‌ನಲ್ಲಿ 50 ಸೆಂಟಿಮೀಟರ್ ಅಗಲಕ್ಕೆ ನಿಲ್ಲುವ ಚಿತ್ರದ ತುಂಡು ಇಲ್ಲಿ 38 ಸೆಂಟಿಮೀಟರ್‌ಗೇ ಮುಗಿಯುತ್ತದೆ. ಬಾವುಟದ ಪಟ್ಟಿಗಳು ಆ ಸೇರುವೆಯಲ್ಲಿ ಮೆಟ್ಟಿಲಿನಂತೆ ತುಂಡಾಗುತ್ತವೆ. ವಿಳಾಸ ಎಷ್ಟು ತಿದ್ದಿದರೂ ಇದು ಸರಿಹೋಗದು. ಆ ಭಾಗವನ್ನು ಬೇರೆ ಪರದೆಯೆಂದೇ ಎಣಿಸಿ, ಪ್ರೊಸೆಸರ್‌ನಲ್ಲಿ ಅದಕ್ಕೆ ಪ್ರತ್ಯೇಕ ಕಿಟಕಿ ಕೊಟ್ಟು, ಆ ಕಿಟಕಿಯ ಚಿತ್ರವನ್ನು ಬೇರೆಯಾಗಿ ಹಿಗ್ಗಿಸಬೇಕು.

ತಪ್ಪು ಎಲ್ಲಿದೆ ಎಂದು ತಿಳಿಯಲು ಚಿತ್ರವನ್ನೇ ಓದಬಹುದು. ವಿಕಾರ ಗೋಡೆಯ ಉದ್ದಗಲಕ್ಕೂ ಒಂದೇ ಸಮ ಇದ್ದರೆ ಅದು ಅಳತೆಯ ತಪ್ಪು, ಪ್ರೊಸೆಸರ್ ಅಥವಾ ಲ್ಯಾಪ್‌ಟಾಪ್ ನೋಡಬೇಕು. ಚಿತ್ರ ಪ್ಯಾನೆಲ್‌ನ ಅಂಚುಗಳಲ್ಲೇ ಕತ್ತರಿಸಿ ಅದಲುಬದಲಾಗಿದ್ದರೆ ಅದು ಮ್ಯಾಪಿಂಗ್. ವೃತ್ತ ದುಂಡಗಿದ್ದು ಬಲ ಅಥವಾ ಕೆಳ ಅಂಚು ಕಾಣೆಯಾಗಿದ್ದರೆ, ಚಿತ್ರ ಅಳತೆ ಬದಲಾಗದೆ ಹಾಗೇ ಬಂದು ಗೋಡೆಯಿಂದ ಹೊರಚೆಲ್ಲಿದೆ. ಇನ್ನೂ ಖಚಿತ ಬೇಕಾದರೆ, ವೃತ್ತವೂ ಸಾಲು ಸಂಖ್ಯೆಗಳೂ ಇರುವ 2048×768 ಅಳತೆಯ ಪರೀಕ್ಷಾ ಚಿತ್ರವನ್ನು ಪ್ರೊಸೆಸರ್‌ನ ಒಳಗಿಂದಲೇ ಹಾಕಿ ನೋಡಬೇಕು. ಅದು ಸರಿಯಾಗಿ ಕಂಡು ಲ್ಯಾಪ್‌ಟಾಪಿನದು ಮಾತ್ರ ಕೆಟ್ಟರೆ, ವಿಂಡೋಸ್ ಕೀ ಜೊತೆ P ಒತ್ತಿ ನೋಡಬೇಕು. ಅಲ್ಲಿ Duplicate ಇದ್ದರೆ ಲ್ಯಾಪ್‌ಟಾಪ್ ತನ್ನ ಸ್ವಂತ ಪರದೆಯ ಅಳತೆಯನ್ನೇ ಗೋಡೆಗೂ ಕಳಿಸುತ್ತಿರಬಹುದು. Extend ಮಾಡಿದರೆ ಗೋಡೆಗೆ ಬೇರೆ ಅಳತೆ ಕೊಡಬಹುದು.

ಇದೇ ಲೆಕ್ಕವನ್ನು ಬೇಕೆಂದೇ ಬಳಸಿಕೊಳ್ಳುವ ಜಾಗವೂ ಇದೆ. ಕ್ರಿಕೆಟ್ ಮೈದಾನದ ಬೌಂಡರಿ ಸುತ್ತಲಿನ ಜಾಹೀರಾತು ಪಟ್ಟಿ ಸುಮಾರು ಒಂದು ಮೀಟರ್ ಎತ್ತರ, ನೂರಾರು ಮೀಟರ್ ಉದ್ದ. ಅಷ್ಟುದ್ದದ ವಿಡಿಯೊ ಸಾಮಾನ್ಯ ಔಟ್‌ಪುಟ್‌ನಲ್ಲಿ ಬರುವುದಿಲ್ಲ. ಆದ್ದರಿಂದ ಉದ್ದದ ಪಟ್ಟಿಯನ್ನು ತುಂಡು ಮಾಡಿ 1920×1080ರ ಚೌಕಟ್ಟಿನೊಳಗೆ ಒಂದರ ಕೆಳಗೊಂದು ಜೋಡಿಸುತ್ತಾರೆ, ಮ್ಯಾಪಿಂಗ್ ಮೂಲಕ ಮೈದಾನದಲ್ಲಿ ಮತ್ತೆ ಬಿಡಿಸಿ ಹಾಸುತ್ತಾರೆ. 10 ಮಿಲಿಮೀಟರ್ ಪಿಚ್‌ನ, 96 ಪಿಕ್ಸೆಲ್ ಎತ್ತರದ ಪಟ್ಟಿಯಾದರೆ ಒಂದೇ ಚೌಕಟ್ಟಿನಲ್ಲಿ 11 ತುಂಡು ಹಿಡಿಸಿ, 211 ಮೀಟರ್ ಆಗುತ್ತದೆ. ಒಂದು ತುಂಡಿನ ವಿಳಾಸ ತಪ್ಪಿದರೂ ಕಂಪನಿಯ ಹೆಸರಿನ ಅರ್ಧ ಇಲ್ಲಿ, ಇನ್ನರ್ಧ ಮೈದಾನದ ಬೇರೆಲ್ಲೋ.

ವೇದಿಕೆಗೆ ಮರಳಿದರೆ, ಮೊದಲೇ ಅಳತೆ ಕೇಳಿಕೊಂಡು ಸ್ಲೈಡು, ವಿಡಿಯೊ ಸಿದ್ಧಮಾಡಿದ ಆಯೋಜಕರಿಗೂ ಒಂದು ತೊಡಕು ಉಳಿಯುತ್ತದೆ: ನೇರ ಕ್ಯಾಮೆರಾ. ಅದರ ಚೌಕಟ್ಟು 16:9. ಅನುಭವಿ ತಂತ್ರಜ್ಞರು ಅದನ್ನು 1365×768 ಕಿಟಕಿಯಲ್ಲಿ ನಡುವೆ ಇಟ್ಟು, ಇಕ್ಕೆಲದ ಖಾಲಿ ಜಾಗಕ್ಕೆ ಕಾರ್ಯಕ್ರಮದ ಹೆಸರು, ವಿನ್ಯಾಸ ತುಂಬುತ್ತಾರೆ. ಕ್ಯಾಮೆರಾ ದೃಶ್ಯವೇ ಗೋಡೆ ತುಂಬಬೇಕೆಂದರೆ ಮೇಲಿನ ಆರನೇ ಒಂದು ಭಾಗ, ಕೆಳಗಿನ ಆರನೇ ಒಂದು ಭಾಗ ಕತ್ತರಿಸಿಹೋಗುತ್ತದೆ. ಹಾಗೆಂದು ಕ್ಯಾಮೆರಾ ಹಿಡಿದವರಿಗೆ ಕಾರ್ಯಕ್ರಮಕ್ಕೆ ಮೊದಲೇ ತಿಳಿಸಿದರೆ, ಅವರು ನೃತ್ಯಗಾರ್ತಿಯ ಮುಡಿಯ ಮೇಲೂ ಗೆಜ್ಜೆಯ ಕೆಳಗೂ ಅಷ್ಟು ಜಾಗ ಬಿಟ್ಟೇ ಚೌಕಟ್ಟು ಕಟ್ಟುತ್ತಾರೆ.