ಭಾವನ ಬೂಟು, ನನ್ನ ಕಾಲು

ಹೊಸ ಚಪ್ಪಲಿ ಕಚ್ಚುತ್ತದೆ ಎಂಬುದು ಚಿಕ್ಕಂದಿನಿಂದ ಗೊತ್ತಿತ್ತು. ಹಾಗಾಗಿ ಮೊದಲ ಚಾರಣಕ್ಕೆ ಹೊಸ ಬೂಟು ಕೊಳ್ಳದೆ ಭಾವನ ಹಳೆಯದನ್ನು ಕೇಳಿದೆ. "ನಾಲ್ಕು ವರ್ಷ ಬೆಟ್ಟ ಹತ್ತಿ ಪಳಗಿದ ಬೂಟು ಮಾರಾಯ. ಒಂದು ನಂಬರು ದೊಡ್ಡದಾದೀತು, ಎರಡು ಜೊತೆ ಕಾಲುಚೀಲ ಹಾಕ್ಕೋ" ಎಂದರು. ಅವರದು ಒಂಬತ್ತು, ನನ್ನದು ಎಂಟು. ಒಂದು ನಂಬರು ಎಂದರೆ ಎಷ್ಟಾದೀತು ಎಂದುಕೊಂಡೆ. ಅಳೆದರೆ ಸುಮಾರು ಎಂಟೂವರೆ ಮಿಲಿಮೀಟರು, ಕಿರುಬೆರಳಿನ ಉಗುರಿನಷ್ಟು.

ಡಿಸೆಂಬರಿನ ಒಂದು ಬೆಳಿಗ್ಗೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತಕ್ಕೆ ಹೊರಟೆವು. 1,712 ಮೀಟರ್ ಎತ್ತರದ ಈ ಶಿಖರಕ್ಕೆ ಹೋಗುವ ದಾರಿ ಮೊದಲು ದಟ್ಟ ಕಾಡಿನೊಳಗೆ ಬೇರುಗಳನ್ನು ಮೆಟ್ಟಿಲು ಮಾಡಿಕೊಂಡು ಏರುತ್ತದೆ. ಅರ್ಧ ಗಂಟೆಯಲ್ಲೇ ಎಡಹಿಮ್ಮಡಿ ಬಿಸಿಯಾದಂತೆನಿಸಿತು. ನೋವಲ್ಲ, ಬರೀ ಬಿಸಿ. ಎಲ್ಲರನ್ನೂ ನಿಲ್ಲಿಸುವುದಕ್ಕೆ ಸಂಕೋಚವಾಗಿ ಲೇಸು ಇನ್ನಷ್ಟು ಬಿಗಿದು ನಡೆದೆ. ಇನ್ನೊಂದು ಗಂಟೆಗೆ ಬಿಸಿ ಉರಿಯಾಯಿತು. ಭಟ್ಟರ ಮನೆ ತಲುಪಿ ಕಾಲುಚೀಲ ಕಳಚಿದಾಗ ಹಿಮ್ಮಡಿಯ ಮೇಲೆ ರೂಪಾಯಿ ನಾಣ್ಯದಗಲದ ಬೊಬ್ಬೆ ಎದ್ದಿತ್ತು.

ನಮ್ಮ ತಂಡದಲ್ಲಿ ಈ ಬೆಟ್ಟವನ್ನು ಹಲವು ಸಲ ಹತ್ತಿದ ಹಿರಿಯರೊಬ್ಬರಿದ್ದರು. ಅವರು ಬೊಬ್ಬೆಯನ್ನು ನೋಡುವ ಮೊದಲು ಬೂಟನ್ನು ಕೈಗೆತ್ತಿಕೊಂಡು ಒಳಗಿನ ಅಟ್ಟೆಯನ್ನು ಹೊರಗೆಳೆದರು. "ಇದರ ಮೇಲೆ ನಿಂತ್ಕೊಳ್ಳಿ" ಎಂದರು. ಭಾವನ ಹೆಬ್ಬೆರಳು ಒತ್ತಿ ಮಾಡಿದ ಗುಳಿ ನನ್ನ ಹೆಬ್ಬೆರಳಿಗಿಂತ ಮುಂದಿತ್ತು. ಅವರ ಹಿಮ್ಮಡಿ ಕೂತ ತಗ್ಗು ನನ್ನದಕ್ಕಿಂತ ಅಗಲವಾಗಿತ್ತು. ಬೂಟು ಪಳಗಿದ್ದು ನಿಜ, ಆದರೆ ಭಾವನ ಕಾಲಿಗೆ.

"ಹತ್ತುವಾಗ ಪ್ರತಿ ಹೆಜ್ಜೆಗೂ ನಿಮ್ಮ ಹಿಮ್ಮಡಿ ಬೂಟಿನೊಳಗೆ ಎದ್ದೆದ್ದು ಕೂತಿದೆ" ಎಂದು ಅವರು ವಿವರಿಸಿದರು. ಬೊಬ್ಬೆ ಏಳುವುದು ಬರೀ ಮೇಲ್ಮೈ ಉಜ್ಜುವುದರಿಂದಲ್ಲವಂತೆ. ಒಳಗಿನ ಮೂಳೆ ಮೇಲೆದ್ದರೂ ಚರ್ಮದ ಹೊರಪದರ ಕಾಲುಚೀಲಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ನಡುವಿನ ಪದರಗಳು ಸಾವಿರಾರು ಸಲ ಎಳೆದಾಡಿ ಕೊನೆಗೆ ಬಿಟ್ಟುಕೊಳ್ಳುತ್ತವೆ; ಆ ಸಂದಿಯಲ್ಲಿ ನೀರು ತುಂಬುತ್ತದೆ. ನನ್ನ ಎರಡು ಜೊತೆ ಹತ್ತಿಯ ಕಾಲುಚೀಲ ಬೆವರು ಕುಡಿದು ಚರ್ಮವನ್ನು ಮೆತ್ತಗಾಗಿಸಿ, ಅಂಟು ಇನ್ನೂ ಹೆಚ್ಚಿಸಿತ್ತು. ಆ ಮೊದಲ ಬಿಸಿಯೇ ಎಚ್ಚರಿಕೆ. ಅಲ್ಲೇ ನಿಂತು ಕಾಲು ಒರೆಸಿ ಒಂದು ತುಂಡು ಟೇಪು ಅಂಟಿಸಿದ್ದರೆ ಬೊಬ್ಬೆ ಏಳದೇ ಇರಬಹುದಿತ್ತು.

ಬೊಬ್ಬೆ ಒಡೆಯಲು ನಾನು ಸೇಫ್ಟಿ ಪಿನ್ ತೆಗೆದಾಗ ಅವರು ತಡೆದರು. ಮೇಲಿನ ಚರ್ಮವೇ ಒಳಗಿನ ಹಸಿ ಗಾಯಕ್ಕೆ ಮುಚ್ಚಳ; ಕಿತ್ತರೆ ಕೀವಾಗುವ ಭಯ. ನಡೆಯಲಾಗದಷ್ಟು ಉಬ್ಬಿ ನೋಯುತ್ತಿದ್ದರೆ ಮಾತ್ರ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಚರ್ಮವನ್ನು ಹಾಗೇ ಬಿಡಬೇಕು. ಸಕ್ಕರೆ ಕಾಯಿಲೆ ಇರುವವರು ಅದಕ್ಕೂ ಕೈಹಾಕದೆ ವೈದ್ಯರ ಬಳಿ ಹೋಗಬೇಕು. ನನ್ನ ಬೊಬ್ಬೆಯ ಸುತ್ತ ಬಟ್ಟೆಯನ್ನು ಉಂಗುರದಂತೆ ಮಡಿಸಿಟ್ಟು, ಮೇಲೆ ಟೇಪು ಹಚ್ಚಿದರು. ಬೂಟಿನ ಕೊನೆಯ ಎರಡು ತೂತುಗಳಲ್ಲಿ ಲೇಸನ್ನು ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆದಾಗ ಹಿಮ್ಮಡಿ ಸ್ವಲ್ಪ ಹಿಡಿತಕ್ಕೆ ಬಂತು.

ಶಿಖರದ ಆಸೆ ಬಿಟ್ಟು ಅಲ್ಲಿಂದಲೇ ಇಳಿದೆ. ಇಳಿಜಾರಿನಲ್ಲಿ ದೊಡ್ಡ ಬೂಟಿನ ಇನ್ನೊಂದು ಗುಣ ಗೊತ್ತಾಯಿತು. ಇಡೀ ಪಾದ ಮುಂದೆ ಜಾರಿ ಬೆರಳುಗಳು ಮೂತಿಗೆ ಗುದ್ದುತ್ತಿದ್ದವು. ವಾರದೊಳಗೆ ಹೆಬ್ಬೆರಳಿನ ಉಗುರು ಕಪ್ಪಾಯಿತು.

ಗಾಯ ಮಾಗಿದ ಮೇಲೆ ಒಂದು ಸಂಜೆ ಅಂಗಡಿಗೆ ಹೋದೆ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಊದಿರುತ್ತದೆ, ಬೆಟ್ಟದಲ್ಲಿ ಊದುವ ಹಾಗೆಯೇ. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ಒಯ್ದಿದ್ದೆ. ಲೇಸು ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಲೇಸು ಬಿಗಿದು ನಡೆದಾಗ ಹಿಮ್ಮಡಿ ಏಳಬಾರದು. ಅಂಗಡಿಯ ಮೆಟ್ಟಿಲು ಇಳಿದಾಗ ಬೆರಳು ಮುಂದೆ ತಾಗಬಾರದು. ಎಂಟನೇ ನಂಬರಿನ ಮೂರು ಜೋಡಿ ಈ ಪರೀಕ್ಷೆಯಲ್ಲಿ ಸೋತವು. ಕೊನೆಗೆ ಸರಿಬಂದದ್ದು ಎಂಟೂವರೆ. ಅದನ್ನೂ ಎರಡು ವಾರ ಮನೆ, ಮಾರುಕಟ್ಟೆ ಎಂದು ಹಾಕಿಕೊಂಡು ಓಡಾಡಿದೆ.

ಹಳೆಯ ಬೂಟನ್ನು ಒರೆಸಿ ವಾಪಸು ಕೊಟ್ಟಾಗ ಭಾವ ಕೇಳಿದರು, "ಕಚ್ಚಿತಾ?"

"ಕಚ್ಚಲಿಲ್ಲ ಭಾವ, ಕಾಲನ್ನು ಹಿಡಿಯಲೇ ಇಲ್ಲ" ಎಂದೆ.