ಲಾರಿ ಬಿಲ್ಟಿಯ ಫೋಟೋ: ಬಾಕಿಯಿಂದ ಮೇಲಕ್ಕೆ ಓದಿ

ಮೈಂದರ್ಗಿಯಿಂದ ಯಶವಂತಪುರ ಮಾರುಕಟ್ಟೆಗೆ ಉಳ್ಳಾಗಡ್ಡಿ ಹೊತ್ತ ಲಾರಿಯ ಬಿಲ್ಟಿ, ಫೋಟೋ ಆಗಿ ಮೊಬೈಲಿಗೆ ಬಂದಿದೆ ಅನ್ನಿ. ಅಕ್ಕಲಕೋಟ ಭಾಗದಲ್ಲಿ ಅಂಕಿಗಳು ಮರಾಠಿಯಲ್ಲೂ ಇರಬಹುದು. ಮಸುಕಾದ ಕಾರ್ಬನ್ ಪ್ರತಿಯಲ್ಲಿ ಮರಾಠಿಯ ಒಂದು, ಒಂಬತ್ತು ಒಂದೇ ಥರ ಕಾಣುತ್ತವೆ. ಹಾಗಾಗಿ ಕಣ್ಣಿಗಿಂತ ಲೆಕ್ಕವನ್ನು ನಂಬಬೇಕು. ತೂಕ 10 ಟನ್, ದರ ಟನ್ನಿಗೆ 2,000 ರೂಪಾಯಿ, ಬಾಡಿಗೆ 20,000. ಲೋಡಿಂಗ್ ಹಮಾಲಿ 1,200 ಕೂಡಿಸಿದರೆ 21,200. ಮುಂಗಡ 1,000ವೋ 9,000ವೋ ತಿಳಿಯುತ್ತಿಲ್ಲ. ಕೆಳಗೆ ಬಾಕಿ 12,200 ಎಂದಿದ್ದರೆ ಕೊಟ್ಟಿದ್ದು 9,000.

ಬಾಕಿಯನ್ನೇ ತಪ್ಪು ಬರೆದಿದ್ದರೆ? ಆಗ ವ್ಯತ್ಯಾಸವೇ ಸುಳಿವು ಕೊಡುತ್ತದೆ. ಬಾಕಿ 11,000 ಎಂದಿದ್ದರೆ ಕಡಿಮೆಯಾದದ್ದು ಸರಿಯಾಗಿ 1,200. ಹಮಾಲಿಯನ್ನು ಮಾಲು ತುಂಬಿದಲ್ಲೇ ಕೊಟ್ಟಿರಬಹುದು, ಕೇಳಿ ನೋಡಿ. ಆದರೆ ಲೆಕ್ಕ ಕೂಡಿತೆಂದು ತೂಕವೂ ಸರಿ ಎನ್ನುವಂತಿಲ್ಲ. ಅದಕ್ಕೆ ವೇಬ್ರಿಜ್ ಚೀಟಿಯೇ ಬೇಕು: ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆಯಿರಿ. ಉಳಿದದ್ದು 9,600 ಕಿಲೋ ಆದರೂ ಬಾಡಿಗೆ 10 ಟನ್ನಿಗೆ ಹಾಕಿರುವುದುಂಟು. ಕನಿಷ್ಠ 10 ಟನ್ನಿನ ಬಾಡಿಗೆ ಎಂದು ಮೊದಲೇ ಒಪ್ಪಿದ್ದರೆ ಅದು ಮೋಸವಲ್ಲ. ಒಪ್ಪಿರದಿದ್ದರೆ 400 ಕಿಲೋದ 800 ರೂಪಾಯಿ ಹೆಚ್ಚು ಹಾಕಿದ್ದಾರೆ, ಬಾಕಿ ಕೊಡುವ ಮುನ್ನ ಕಳೆಸಿಕೊಳ್ಳಿ.